ಕಸಿನ್ಸ್ ಗುಂಪಿಗೆ ಮೂವತ್ತನಾಲ್ಕು ಸೆಕೆಂಡಿನ ಹಬ್ಬದ ವಾಯ್ಸ್ ನೋಟ್: ಮೂರು ಕರಡು, ಏಳು ಟೇಕ್

ನಮ್ಮ ಕಸಿನ್ಸ್ ಗುಂಪಿನಲ್ಲಿ ಹನ್ನೆರಡು ಜನ ಇದ್ದೇವೆ. ಎಲ್ಲರೂ ಅಪ್ಪನ ಕಡೆಯವರು. ದೊಡ್ಡಪ್ಪನ ಮಕ್ಕಳು, ಚಿಕ್ಕಪ್ಪನ ಮಗಳು, ಅತ್ತೆಯರ ಮಕ್ಕಳು, ನಾವು. ದೊಡ್ಡಕ್ಕನಿಗೆ 52, ಎಲ್ಲರಿಗಿಂತ ಚಿಕ್ಕವನಿಗೆ 14. ಹಬ್ಬ ಬಂತೆಂದರೆ ಗುಂಪಿನಲ್ಲಿ ಹೂವು, ದೀಪದ ಚಿತ್ರಗಳು ಸಾಲಾಗಿ ಬಂದು ಬೀಳುತ್ತವೆ. ಯಾರೂ ಅವನ್ನು ತೆರೆದು ನೋಡುವುದಿಲ್ಲ. ಈ ಸಲ ನಾನು ಊರಿಗೆ ಹೋಗುವ ಹಾಗಿರಲಿಲ್ಲ. ಅದಕ್ಕೇ ನನ್ನ ದನಿಯನ್ನಾದರೂ ಕಳಿಸೋಣ ಅಂದುಕೊಂಡೆ.

ಸುಮ್ನೆ ಫೋನ್ ಹಿಡಿದು ಮಾತಾಡಿದರೆ ಆಗೋದಿಲ್ಲ ಅಂತ ಹೋದ ವರ್ಷವೇ ಗೊತ್ತಾಗಿತ್ತು. ಆಗ ಬರೆದುಕೊಳ್ಳದೆ ಮಾತಾಡಿ, ಎಲ್ಲರ ಹೆಸರು ಹಿಡಿದು ಶುಭಾಶಯ ಹೇಳುತ್ತಾ ಹೋಗಿ, ಒಬ್ಬ ತಮ್ಮನ ಹೆಸರನ್ನೇ ಬಿಟ್ಟಿದ್ದೆ. ಅವನು ಏನೂ ಹೇಳಲಿಲ್ಲ. ಆದರೆ ಆ ನೋಟ್‌ಗೆ ಉತ್ತರವನ್ನೂ ಕೊಡಲಿಲ್ಲ. ಹಾಗಾಗಿ ಈ ಸಲ ಬರೆದೇ ಮಾಡುವುದು ಅಂತ ಹಬ್ಬಕ್ಕೆ ನಾಲ್ಕು ದಿನ ಮುಂಚೆಯೇ ಕೂತೆ.

ಮೊದಲ ಕರಡು

ಹೀಗೆ ಶುರುವಾಗಿತ್ತು:

> ನನ್ನ ಪ್ರೀತಿಯ ಅಣ್ಣಂದಿರೇ, ಅಕ್ಕಂದಿರೇ, ತಮ್ಮಂದಿರೇ, ತಂಗಿಯರೇ, ನಿಮಗೆಲ್ಲರಿಗೂ ಹಬ್ಬದ ಹಾರ್ದಿಕ ಶುಭಾಶಯಗಳು. ನೀವೆಲ್ಲರೂ ಸಡಗರದಿಂದ ಹಬ್ಬವನ್ನು ಆಚರಿಸುತ್ತಿದ್ದೀರಿ ಎಂದು ಭಾವಿಸುತ್ತೇನೆ. ಈ ಹಬ್ಬವು ನಿಮ್ಮೆಲ್ಲರ ಬಾಳಿನಲ್ಲಿ ಸುಖ, ಶಾಂತಿ, ಸಂತೋಷವನ್ನು ತರಲಿ.

ಇದಾದ ಮೇಲೆ ಹಳೆಯ ನೆನಪು, ಆಮೇಲೆ ನನ್ನ ಕೆಲಸದ ಸುದ್ದಿ, ಆಮೇಲೆ ಮಕ್ಕಳ ಓದಿನ ವಿಚಾರಣೆ. ಓದಿ ರೆಕಾರ್ಡ್ ಮಾಡಿದೆ. 1 ನಿಮಿಷ 52 ಸೆಕೆಂಡ್ ಆಯಿತು. ಕೇಳಿಸಿಕೊಂಡಾಗ ಅದು ನನ್ನ ದನಿ ಅಂತಲೇ ಅನ್ನಿಸಲಿಲ್ಲ. ವೇದಿಕೆ ಮೇಲೆ ಸ್ವಾಗತ ಭಾಷಣ ಮಾಡುವವರ ದನಿಯಾಗಿತ್ತು.

ಇಲ್ಲಿ ಕೆಟ್ಟದ್ದು ಓದಿದ ರೀತಿ ಅಂತ ಮೊದಲು ಅಂದುಕೊಂಡು ಎರಡು ಸಲ ಮತ್ತೆ ಓದಿದೆ. ಎಷ್ಟು ಸಲೀಸಾಗಿ ಓದಿದರೂ ಅದೇ ದನಿ. ತಪ್ಪು ಕಾಗದದಲ್ಲೇ ಇತ್ತು. ನಾವು ಬರೆಯುವ ಕನ್ನಡಕ್ಕೂ ಮನೆಯಲ್ಲಿ ಆಡುವ ಕನ್ನಡಕ್ಕೂ ಕ್ರಿಯಾಪದದಲ್ಲೇ ದೂರ ಇದೆ. ‘ಆಚರಿಸುತ್ತಿದ್ದೀರಿ’ ಅಂತ ಬರೆದಿದ್ದರೆ ಬಾಯಿ ಹಾಗೇ ಓದುತ್ತದೆ. ‘ಮಾಡ್ತಿದೀರಾ’ ಅಂತ ತಾನಾಗಿ ಬದಲಾಯಿಸಿಕೊಳ್ಳುವುದಿಲ್ಲ. ಓದುವಾಗ ಕಣ್ಣು ಮುಂದೆ, ನಾಲಿಗೆ ಹಿಂದೆ. ಬದಲಾಯಿಸಲು ಪುರುಸೊತ್ತು ಎಲ್ಲಿ?

ಅದಕ್ಕೆ ಒಂದು ಕೆಲಸ ಮಾಡಿದೆ. ಕಾಗದ ಮಗುಚಿಟ್ಟು, ದೊಡ್ಡಕ್ಕ ಎದುರಿಗೆ ಕೂತಿದ್ದಾಳೆ ಅಂತ ನೆನೆದು ಅದೇ ವಿಷಯವನ್ನು ಬಾಯಲ್ಲಿ ಹೇಳಿದೆ. ಹೇಳಿದ್ದನ್ನು ರೆಕಾರ್ಡ್ ಮಾಡಿ, ಆಮೇಲೆ ಕೇಳಿಕೊಂಡು, ಹೇಗೆ ಕೇಳಿಸಿತೋ ಹಾಗೇ ಬರೆದುಕೊಂಡೆ. ‘ಎಲ್ಲರಿಗೂ’ ಅಲ್ಲ, ‘ಎಲ್ರಿಗೂ’. ‘ನೆನಪಾಯಿತು’ ಅಲ್ಲ, ‘ನೆನಪಾಯ್ತು’. ‘ಆರಿಸಿದ ಮೇಲೆ’ ಅಲ್ಲ, ‘ಆರಿಸಿದ್ಮೇಲೆ’. ನೋಡೋಕೆ ಕಾಗುಣಿತ ತಪ್ಪಿದ ಹಾಗೆ ಇರುತ್ತದೆ, ಇರಲಿ. ಆ ಕಾಗದ ನನ್ನ ಬಾಯಿಗೆ ಮಾತ್ರ ಸೇರಿದ್ದು. ಹೀಗೆ ಮಾಡಿದಾಗ ‘ಹಾರ್ದಿಕ’, ‘ಸಡಗರ’, ‘ಭಾವಿಸುತ್ತೇನೆ’ ಎಲ್ಲ ಯಾರೂ ಓಡಿಸದೆ ತಾವೇ ಹೋದವು. ಒಂದು ‘ಶುಭಾಶಯ’ ಮಾತ್ರ ಉಳಿಯಿತು. ಅದನ್ನು ನಾವು ಮಾತಿನಲ್ಲೂ ಹೇಳುತ್ತೇವೆ.

ಎರಡನೇ ಕರಡು: ಯಾರನ್ನು ಹೇಗೆ ಕರೆಯುವುದು

ಈಗ ಉಳಿದಿದ್ದು ಕರೆಯುವ ಪ್ರಶ್ನೆ. ಸಂದೇಶ ಒಂದೇ. ಕೇಳುವವರಲ್ಲಿ ನಾನು ‘ನೀವು’ ಅನ್ನುವ ಅಣ್ಣನೂ ಇದ್ದಾನೆ, ‘ಏನೋ’ ಅನ್ನುವ ತಮ್ಮನೂ ಇದ್ದಾನೆ. ಬಾಯಿಗೆ ಮೊದಲು ಬಂದದ್ದು ‘ಏನ್ರೋ, ಎಲ್ರೂ ಹೇಗಿದೀರಾ?’ ಅಂತ. ‘ರೋ’ ಬಂದ ಕೂಡಲೇ ಅದು ಗಂಡುಹುಡುಗರಿಗೆ, ಅದೂ ಚಿಕ್ಕವರಿಗೆ ಆಗಿಬಿಡುತ್ತದೆ. ಅಕ್ಕಂದಿರು ಹೊರಗೆ ಉಳಿಯುತ್ತಾರೆ. ‘ಏನ್ರೇ’ ಅಂದರೆ ಅಣ್ಣಂದಿರು ಹೊರಗೆ. ಅಣ್ಣಂದಿರೇ ಅಕ್ಕಂದಿರೇ ಅಂತ ಸಾಲು ಹಿಡಿದರೆ ಮತ್ತೆ ಭಾಷಣ.

ಕನ್ನಡ ಇಲ್ಲಿ ತಾನೇ ಒಂದು ದಾರಿ ಬಿಟ್ಟಿದೆ. ‘ನೀವು’ ಅನ್ನುವುದು ಮರ್ಯಾದೆಗೂ ಆಗುತ್ತದೆ, ಬಹಳ ಜನರಿಗೂ ಆಗುತ್ತದೆ. ‘ಹೇಳಿ’, ‘ನೋಡಿ’ ಅಂದರೆ ದೊಡ್ಡವರಿಗೆ ಮರ್ಯಾದೆ ಅಂತ ಕೇಳಿಸುತ್ತದೆ, ಚಿಕ್ಕವರಿಗೆ ತಾವೆಲ್ಲ ಸೇರಿ ಅಂತ ಕೇಳಿಸುತ್ತದೆ. ಹಾಗಾಗಿ ಕರೆಯುವ ಪದವನ್ನೇ ತೆಗೆದು, ‘ಎಲ್ರಿಗೂ’ ಅಂತ ಶುರು ಮಾಡಿ, ಕೊನೆಯವರೆಗೂ ಬಹುವಚನದಲ್ಲೇ ಹೋದೆ. ಒಂದು ಕಡೆಯೂ ‘ನೀನು’ ಬರಬಾರದು. ಬಂದರೆ ಅದು ಯಾರೋ ಒಬ್ಬರಿಗೆ ಅಂತ ಉಳಿದವರು ಕಿವಿ ತೆಗೆಯುತ್ತಾರೆ.

ಹೆಸರುಗಳನ್ನು ಪೂರ್ತಿ ಬಿಟ್ಟೆ. ಹನ್ನೊಂದು ಹೆಸರು ಹೇಳುವುದಕ್ಕೇ ಹತ್ತು ಸೆಕೆಂಡಿಗೆ ಮೇಲೆ ಬೇಕು. ಕೇಳುವವರು ತಮ್ಮ ಹೆಸರು ಬರುವವರೆಗೆ ಕಾಯುತ್ತಾರೆ, ಬಂದ ಮೇಲೆ ಬಿಡುತ್ತಾರೆ. ಒಂದು ಹೆಸರು ತಪ್ಪಿದರೆ ಏನಾಗುತ್ತದೆ ಅಂತ ಮೇಲೆ ಹೇಳಿದೆನಲ್ಲ. ನನ್ನ ಪರಿಚಯವನ್ನೂ ತೆಗೆದೆ. ಫೋನಿನ ಪರದೆ ಮೇಲೆ ನನ್ನ ಹೆಸರು, ಮುಖ ಎರಡೂ ಇರುತ್ತವೆ.

ಹೆಸರಿನ ಬದಲು ಎಲ್ಲರೂ ಇರುವ ಒಂದು ದೃಶ್ಯ ಬೇಕಿತ್ತು. ‘ಹಳೆಯ ದಿನಗಳೆಲ್ಲ ನೆನಪಾಗ್ತವೆ’ ಅಂದರೆ ಯಾರಿಗೂ ಏನೂ ಕಾಣುವುದಿಲ್ಲ. ನಾನು ಆರಿಸಿದ್ದು ಅಜ್ಜಿ ಮನೆಯ ಹಾಲ್. ರಾತ್ರಿ ಸಾಲಾಗಿ ಹಾಸಿಗೆ ಹಾಕುತ್ತಿದ್ದರು. ಇದ್ದದ್ದು ಒಂದೇ ಫ್ಯಾನ್. ಅದರ ಕೆಳಗಿನ ಜಾಗಕ್ಕೆ ದಿನಾ ಜಗಳ. ಚಿಕ್ಕಪ್ಪ ಬಂದು ಲೈಟ್ ಆರಿಸಿ ಹೋಗುತ್ತಿದ್ದರು. ಕತ್ತಲಾದ ತಕ್ಷಣ ದೊಡ್ಡಕ್ಕ ‘ಈಗ ಯಾರಾದ್ರೂ ನಕ್ರೋ, ನೋಡಿ!’ ಅನ್ನುತ್ತಿದ್ದಳು. ಅಲ್ಲಿಂದ ನಗು ಶುರುವಾದರೆ ಮುಗಿಯುತ್ತಿರಲಿಲ್ಲ.

ಇದರಲ್ಲಿ ಎರಡು ತೊಡಕು ಇದ್ದವು. ಒಂದು, ಚಿಕ್ಕವರು ಮೂರು ಜನ ಆ ಹಾಲ್‌ನಲ್ಲಿ ಮಲಗಿದವರೇ ಅಲ್ಲ. ಅವರು ಹುಟ್ಟುವ ಹೊತ್ತಿಗೆ ಆ ಮನೆ ಇರಲಿಲ್ಲ. ನೆನಪು ಹೇಳುತ್ತಾ ಹೋದರೆ ಅವರು ಅನ್ಯರಾಗುತ್ತಾರೆ. ಮೊದಲು ‘ಪುಟಾಣಿಗಳಾ, ನಿಮಗಿದು ಗೊತ್ತಿಲ್ಲ’ ಅಂತ ಬರೆದೆ. ಹದಿನಾಲ್ಕರ ಹುಡುಗನಿಗೆ ಪುಟಾಣಿ ಅಂದರೆ ಅವನು ನೋಟ್ ಅಲ್ಲೇ ನಿಲ್ಲಿಸುತ್ತಾನೆ. ಅದನ್ನು ಹೊಡೆದು ಹಾಕಿ, ಅವರಿಗೂ ಒಂದು ಕೆಲಸ ಕೊಟ್ಟೆ. ಚಿಕ್ಕೋರು ಗೆಸ್ ಮಾಡಿ, ದೊಡ್ಡೋರು ನಿಜ ಹೇಳಿ ಅಂತ.

ಇನ್ನೊಂದು ತೊಡಕು ಚಿಕ್ಕಪ್ಪ. ಅವರು ಈ ವರ್ಷ ತೀರಿಕೊಂಡರು. ಅವರ ಮಗಳೂ ಇದೇ ಗುಂಪಿನಲ್ಲಿದ್ದಾಳೆ. ಮೊದಲ ಕರಡಿನ ‘ಸುಖ, ಶಾಂತಿ, ಸಂತೋಷ’ ಅವಳ ಕಿವಿಗೆ ಹೇಗೆ ಬೀಳಬಹುದು ಅಂತ ಆಗ ನಾನು ಯೋಚಿಸಿರಲೇ ಇಲ್ಲ. ‘ಖುಷಿಯಾಗಿರಿ’ ಅನ್ನುವ ಮಾತೆಲ್ಲ ತೆಗೆದೆ. ದುಃಖದಲ್ಲಿರುವವರಿಗೆ ಅದು ಹಾರೈಕೆಯ ಹಾಗೆ ಕೇಳಿಸುವುದಿಲ್ಲ. ಆಮೇಲೆ ಲೈಟ್ ಆರಿಸುವ ಸಾಲಿನಿಂದ ಚಿಕ್ಕಪ್ಪನನ್ನೂ ತೆಗೆದೆ. ‘ಲೈಟ್ ಆರಿಸಿದ್ಮೇಲೆ’ ಅಂತ ಮಾತ್ರ ಉಳಿಸಿದೆ. ಆದರೆ ಕೈ ಮುಂದಕ್ಕೆ ಹೋಗಲಿಲ್ಲ. ಅವರಿಲ್ಲದೆ ಆ ರಾತ್ರಿಯೇ ಇಲ್ಲ. ನಾನೊಬ್ಬನೇ ತೀರ್ಮಾನ ಮಾಡುವುದು ಸರಿಯಲ್ಲ ಅನ್ನಿಸಿ ಅವಳಿಗೆ ಫೋನ್ ಮಾಡಿದೆ. ಸಾಲು ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಣ್ಣ, ಅಪ್ಪನ್ನ ತೆಗೀಬೇಡ. ಎಲ್ರೂ ಅವ್ರ ಮಾತು ಬಂದ್ರೆ ಬೇರೆ ವಿಷ್ಯ ತೆಗೀತಾರೆ,” ಅಂದಳು. ಚಿಕ್ಕಪ್ಪ ವಾಪಸ್ ಬಂದರು.

ಇಲ್ಲೊಂದು ಸಣ್ಣ ಲೆಕ್ಕ. ನನಗೆ ಚಿಕ್ಕಪ್ಪ ಆದವರು ಅತ್ತೆ ಮಕ್ಕಳಿಗೆ ಮಾವ. ಕಸಿನ್ಸ್ ಗುಂಪಿನಲ್ಲಿ ಹಿರಿಯರ ಮಾತು ಬಂದಾಗಲೆಲ್ಲ ಈ ಗೊಂದಲ ಇದ್ದದ್ದೇ. ನಮ್ಮ ಮನೆಯಲ್ಲಿ ಅತ್ತೆ ಮಕ್ಕಳೂ ನಮ್ಮನ್ನು ಕೇಳಿ ಕೇಳಿ ಅವರನ್ನು ಚಿಕ್ಕಪ್ಪ ಅಂತಲೇ ಕರೆಯುತ್ತಿದ್ದರು, ಹಾಗಾಗಿ ಸರಿಹೋಯಿತು. ದೊಡ್ಡಕ್ಕನ ಸಾಲಿನಲ್ಲೂ ಹೀಗೇ ಒಂದು ಬಿಕ್ಕಟ್ಟು. ನಾನು ‘ಹೇಳ್ತಿದ್ಳು’ ಅನ್ನುತ್ತೇನೆ. ಚಿಕ್ಕವರು ಅವಳ ಬಗ್ಗೆ ‘ಹೇಳ್ತಿದ್ರು’ ಅನ್ನುತ್ತಾರೆ. ನಾನು ‘ಹೇಳ್ತಿದ್ರು’ ಅಂದರೆ ಅವಳಿಗೇ ಹೊಸದಾಗಿ ಕೇಳಿಸುತ್ತದೆ. ಕ್ರಿಯಾಪದವನ್ನೇ ಬಿಟ್ಟು ‘ದೊಡ್ಡಕ್ಕನ ಆರ್ಡರ್’ ಅಂತ ಮಾಡಿದೆ. ಚಿಕ್ಕದೂ ಆಯಿತು.

ಸಾಲಿನ ಕೊನೆ ಮುಳುಗಿದ್ದು

ಎರಡನೇ ಕರಡು 58 ಸೆಕೆಂಡ್ ಇತ್ತು. ಗುಂಪಿನಲ್ಲಿ ಇಲ್ಲದ ಒಬ್ಬ ಗೆಳತಿಗೆ ಕಳಿಸಿದೆ. ಏನೂ ಹೇಳದೆ, ಕೇಳಿ ಏನು ಅರ್ಥ ಆಯ್ತು ಹೇಳು ಅಂದೆ. ಅವಳ ಉತ್ತರ: “ಚೆನ್ನಾಗಿದೆ. ಹಬ್ಬಕ್ಕೆ ಊರಿಗೆ ಹೋಗ್ತಿದೀಯಾ ಹಾಗಾದ್ರೆ?”

ನಾನು ಹೇಳಿದ್ದು ಇದಕ್ಕೆ ತಿರುಗುಮುರುಗು. ಸಾಲು ಹೀಗಿತ್ತು:

> ಈ ಸಲ ಕೆಲಸದ ಒತ್ತಡ ಜಾಸ್ತಿ ಇರೋದ್ರಿಂದ ನಿಮ್ಮನ್ನೆಲ್ಲ ನೋಡೋಕೆ ಅಂತ ಹಬ್ಬಕ್ಕೆ ಅಲ್ಲಿಗೆ ಬರೋಕಾಗ್ತಿಲ್ಲ.

ಮತ್ತೆ ಕೇಳಿಕೊಂಡೆ. ‘ಬರೋಕಾಗ್ತಿ’ ಅನ್ನುವವರೆಗೆ ಇದೆ. ‘ಲ್ಲ’ ಉಸಿರಿನಲ್ಲೇ ಕರಗಿದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ‘ಇಲ್ಲ’ ಅದಕ್ಕಿಂತಲೂ ಕೊನೆಗೆ. ಸಾಲು ಉದ್ದವಾದರೆ ಮುಖ್ಯವಾದ ಮಾತಿಗೆ ಬರುವಷ್ಟರಲ್ಲಿ ಉಸಿರು ತೀರಿರುತ್ತದೆ. ಅದರ ಮೇಲೆ ಫೋನು ಹಿಂದಿನ ಸದ್ದನ್ನು ತಗ್ಗಿಸಲು ಹೋಗಿ ಮೆತ್ತಗಿನ ದನಿಯನ್ನೂ ಜೊತೆಗೆ ತಗ್ಗಿಸಬಹುದು. ಎದುರಿಗೆ ಕೂತವರಿಗೆ ನಮ್ಮ ಮುಖ ಕಾಣುತ್ತದೆ, ತಲೆ ಆಡಿಸುವುದು ಕಾಣುತ್ತದೆ. ವಾಯ್ಸ್ ನೋಟ್‌ನಲ್ಲಿ ಆ ‘ಲ್ಲ’ ಹೋದರೆ ಇನ್ನೇನೂ ಉಳಿಯುವುದಿಲ್ಲ.

ಜೋರಾಗಿ ಹೇಳಿ ನೋಡಿದೆ. ‘ಬರೋಕಾಗ್ತಿಲ್ಲ’ ಅಂತ ಒತ್ತಿದರೆ ಸಿಟ್ಟು ಬಂದ ಹಾಗೆ ಕೇಳಿಸಿತು. ಕೊನೆಗೆ ‘ಇಲ್ಲ’ವನ್ನೇ ಬಿಟ್ಟು ‘ಈ ಸಲ ನಾನು ಇಲ್ಲೇ ಇರ್ತೀನಿ’ ಅಂತ ತಿರುಗಿಸಿದೆ. ಇಲ್ಲಿ ‘ಇಲ್ಲೇ’ ಸಾಲಿನ ನಡುವೆ ಇದೆ, ಉಸಿರು ತುಂಬಿರುವ ಜಾಗದಲ್ಲಿ. ಕೊನೆಯ ‘ನಿ’ ಹೋದರೂ ಅರ್ಥ ಕೆಡುವುದಿಲ್ಲ. ಕಾರಣವನ್ನೂ ಬಿಟ್ಟೆ. ಹಬ್ಬದ ದಿನ ನನ್ನ ಕೆಲಸದ ಒತ್ತಡ ಯಾರಿಗೆ ಬೇಕು? ಆಮೇಲೆ ಪೂರ್ತಿ ಸ್ಕ್ರಿಪ್ಟ್ ಮೇಲೆ ಇದೇ ಪರೀಕ್ಷೆ ನಡೆಸಿದೆ. ಒಂದೊಂದು ಸಾಲನ್ನೂ ಕೊನೆಯ ಎರಡು ಅಕ್ಷರ ನುಂಗಿ ಓದಿದೆ. ಅರ್ಥ ಕೆಟ್ಟಿದ್ದನ್ನೆಲ್ಲ ಮುರಿದು ಎರಡು ಸಾಲು ಮಾಡಿದೆ.

ಮೂರನೇ ಕರಡು

ಒಂದು ಗೆರೆ ಅಂದರೆ ಸಣ್ಣ ತಡೆ. ಎರಡು ಗೆರೆ ಅಂದರೆ ಉಸಿರು ತೆಗೆದುಕೊಳ್ಳುವುದು.

> ಎಲ್ರಿಗೂ ಹಬ್ಬದ ಶುಭಾಶಯ! //
> ಬೆಳಿಗ್ಗೆ ಹಾಸಿಗೆ ಮಡಚ್ತಾ ಇದ್ದೆ. / ಅಜ್ಜಿ ಮನೆ ಹಾಲ್ ನೆನಪಾಯ್ತು. //
> ಒಂಬತ್ತು ಜನ, / ಒಂದೇ ಫ್ಯಾನು. //
> ಚಿಕ್ಕಪ್ಪ ಲೈಟ್ ಆರಿಸಿದ್ಮೇಲೆ ದೊಡ್ಡಕ್ಕನ ಆರ್ಡರ್: / ‘ಈಗ ಯಾರಾದ್ರೂ ನಕ್ರೋ, ನೋಡಿ!’ //
> ಅಷ್ಟೇ ಸಾಕಿತ್ತು, / ಎಲ್ರೂ ಶುರು. //
> ಈ ಸಲ ನಾನು ಇಲ್ಲೇ ಇರ್ತೀನಿ. / ಮನಸ್ಸೆಲ್ಲ ಅಲ್ಲೇ ಇದೆ. //
> ಒಂದು ಪ್ರಶ್ನೆ. / ಯಾವಾಗ್ಲೂ ಮೊದ್ಲು ನಗ್ತಿದ್ದಿದ್ದು ಯಾರು? //
> ಚಿಕ್ಕೋರು ಗೆಸ್ ಮಾಡಿ, / ದೊಡ್ಡೋರು ನಿಜ ಹೇಳಿ. //
> ಕಾಯ್ತಾ ಇರ್ತೀನಿ.

ಐವತ್ತು ಪದ. ನಿಧಾನಕ್ಕೆ ಓದಿದರೆ 34 ಸೆಕೆಂಡ್. ನಿಧಾನ ಬೇಕೇ ಬೇಕು, ಯಾಕೆಂದರೆ ವಾಟ್ಸಾಪ್‌ನಲ್ಲಿ ವಾಯ್ಸ್ ನೋಟನ್ನು ಒಂದೂವರೆ ಪಟ್ಟು, ಎರಡು ಪಟ್ಟು ವೇಗದಲ್ಲಿ ಕೇಳಬಹುದು. ನಮ್ಮ ಗುಂಪಿನ ಅರ್ಧ ಜನ ಹಾಗೇ ಕೇಳುವವರು. ಒಂದೂವರೆ ಪಟ್ಟಿಗೆ ಹಾಕಿ ನೋಡಿದೆ. ಗೆರೆ ಎಳೆದ ಕಡೆ ನಿಜವಾಗಿ ನಿಂತಿದ್ದರೆ ಎಲ್ಲ ತಿಳಿಯುತ್ತದೆ. ನಿಲ್ಲದೆ ಓದಿದ ಟೇಕ್‌ನಲ್ಲಿ ‘ಒಂಬತ್ತು ಜನ ಒಂದೇ ಫ್ಯಾನು’ ಒಂದೇ ಉಂಡೆಯಾಗಿತ್ತು.

ಕೊನೆಯ ಪ್ರಶ್ನೆ ಬಗ್ಗೆಯೂ ಹೇಳಬೇಕು. ಮೊದಲು ‘ಎಲ್ರೂ ಹೇಗಿದೀರಾ?’ ಅಂತ ಇತ್ತು. ಗುಂಪಿನಲ್ಲಿ ಆ ಪ್ರಶ್ನೆಗೆ ಯಾರೂ ಉತ್ತರ ಕೊಡುವುದಿಲ್ಲ, ಬೇರೆಯವರು ಕೊಡಲಿ ಅಂತ ಎಲ್ಲರೂ ಕಾಯುತ್ತಾರೆ. ಒಂದೇ ಹೆಸರು ಟೈಪ್ ಮಾಡಿ ಮುಗಿಸಬಹುದಾದ ಪ್ರಶ್ನೆ ಆದರೆ ಕೈ ತಾನಾಗಿ ಹೋಗುತ್ತದೆ.

ರೆಕಾರ್ಡಿಂಗ್

ಏಳು ಟೇಕ್ ಆಯಿತು. ಮೊದಲ ಎರಡರಲ್ಲಿ ಶುರುವಿನ ‘ಎ’ ಇರಲೇ ಇಲ್ಲ, ‘ಲ್ರಿಗೂ ಹಬ್ಬದ’ ಅಂತ ಶುರು. ಮೈಕ್ ಒತ್ತಿದ ತಕ್ಷಣ ಮಾತಾಡಿದ್ದೆ. ಮೂರನೆಯದರಿಂದ ಮೈಕ್ ಗುರುತನ್ನು ಮೇಲಕ್ಕೆ ಸರಿಸಿ ಲಾಕ್ ಮಾಡಿ, ಮನಸ್ಸಿನಲ್ಲೇ ಒಂದು ಎಣಿಸಿ, ಆಮೇಲೆ ಬಾಯಿ ತೆಗೆದೆ. ಲಾಕ್ ಮಾಡಿದರೆ ಬೆರಳು ಒತ್ತಿಯೇ ಇರಬೇಕಿಲ್ಲ, ಒಂದು ಕೈಯಲ್ಲಿ ಕಾಗದ ಹಿಡಿಯಬಹುದು. ಕಳಿಸುವ ಮುಂಚೆ ಕೇಳಿ ನೋಡುವುದಕ್ಕೂ ಆಗುತ್ತದೆ.

ಮೂರು, ನಾಲ್ಕರಲ್ಲಿ ಮೊದಲ ಸಾಲೇ ಗುಡುಗಿತು. ನೋಡಿದರೆ ‘ಹಬ್ಬ’, ‘ಶುಭಾಶಯ’ ಎರಡೂ ಮೈಕಿಗೆ ಆಗದ ಪದಗಳು. ‘ಹ’ ಬರೀ ಉಸಿರು. ‘ಬ್ಬ’ದಲ್ಲಿ ತುಟಿ ಒತ್ತಿ ಬಿಡುತ್ತೇವೆ. ‘ಭಾ’ದಲ್ಲಿ ತುಟಿ ಬಿಟ್ಟ ಜೊತೆಗೇ ಗಾಳಿ ನುಗ್ಗುತ್ತದೆ. ಬಾಯಿ ಮುಂದೆ ಅಂಗೈ ಹಿಡಿದು ‘ಶುಭಾಶಯ’ ಅಂತ ಹೇಳಿ ನೋಡಿ, ‘ಭಾ’ ಬಂದಾಗ ಕೈಗೆ ಗಾಳಿ ತಾಗುತ್ತದೆ. ಆ ಗಾಳಿ ನೇರ ಮೈಕಿಗೆ ಹೊಡೆದರೆ ಅದೇ ಗುಡುಗು. ಫೋನಿನ ಕೆಳತುದಿ, ಅಂದರೆ ಮೈಕ್ ಇರುವ ಕಡೆ, ಬಾಯಿಂದ ಒಂದು ಗೇಣು ದೂರ ಇಟ್ಟು, ಬಾಯಿಯ ನೇರಕ್ಕಲ್ಲದೆ ಕೆನ್ನೆಯ ಪಕ್ಕಕ್ಕೆ ಸರಿಸಿದೆ. ಗುಡುಗು ಹೋಯಿತು. ಹಬ್ಬದ ಶುಭಾಶಯ ಹೇಳುವಾಗ ಈ ಎರಡು ಪದ ಬಿಡೋಕೆ ಆಗಲ್ಲ, ಅಲ್ವಾ? ಫೋನೇ ಸರಿಯಬೇಕು.

ಐದನೆಯದರಲ್ಲಿ ನನ್ನ ಕೋಣೆಯ ಫ್ಯಾನ್ ಗುಂಯ್ ಅನ್ನುತ್ತಿತ್ತು, ಆರಿಸಿದೆ. ಆರನೆಯದು ತಪ್ಪಿಲ್ಲದೆ ಬಂತು, ಆದರೆ ದೊಡ್ಡಕ್ಕನ ಮಾತನ್ನು ನನ್ನದೇ ದನಿಯಲ್ಲಿ ಓದಿಬಿಟ್ಟಿದ್ದೆ. ಏಳನೆಯದರಲ್ಲಿ ಅವಳ ಹಾಗೆ ಗದರುವ ದನಿ ತೆಗೆದೆ, ತೆಗೆಯುವಾಗಲೇ ನಗು ಬಂತು. ‘ನೋಡಿ’ಯ ಕೊನೆ ನಗುವಿನಲ್ಲಿ ಸ್ವಲ್ಪ ಅದುರಿದೆ. ಇನ್ನೊಂದು ಟೇಕ್ ಮಾಡಲಿಲ್ಲ. ಆ ಅದುರು ಇರಬೇಕು ಅನ್ನಿಸಿತು.

ಕಳಿಸಿದ ದಿನ

ಚಿಕ್ಕಪ್ಪನ ಮಗಳಿಗೆ ಮೊದಲು ಬೇರೆಯಾಗಿ ಒಂದು ನೋಟ್ ಕಳಿಸಿದೆ. ಹದಿನೈದು ಸೆಕೆಂಡ್. ಅದಕ್ಕೆ ಸ್ಕ್ರಿಪ್ಟ್ ಬರೆಯಲಿಲ್ಲ. ಅದಾದ ಮೇಲೆ ಗುಂಪಿಗೆ ಹಾಕಿದೆ.

ಮೊದಲ ಉತ್ತರ ಹದಿನಾಲ್ಕರ ಹುಡುಗನದು. ನನ್ನ ಹೆಸರನ್ನೇ ಗೆಸ್ ಮಾಡಿದ್ದ. ಹೋದ ವರ್ಷ ನಾನು ಹೆಸರು ಬಿಟ್ಟಿದ್ದ ತಮ್ಮ ‘ಅಲ್ಲ, ನಾನು’ ಅಂತ ಬರೆದ. ದೊಡ್ಡಕ್ಕ ಆರು ಸೆಕೆಂಡಿನ ವಾಯ್ಸ್ ನೋಟ್ ಹಾಕಿದಳು, ಅದರಲ್ಲಿ ಬರೀ ನಗು. ಮಧ್ಯಾಹ್ನದ ಹೊತ್ತಿಗೆ ಚಿಕ್ಕಪ್ಪನ ಮಗಳು ಬರೆದಳು: “ಮೊದ್ಲು ನಗ್ತಿದ್ದಿದ್ದು ಅಪ್ಪ. ಬಾಗಿಲ ಆಚೆ ನಿಂತ್ಕೊಂಡು. ನಾನು ಬಾಗಿಲ ಪಕ್ಕದಲ್ಲೇ ಮಲಗ್ತಿದ್ದೆ, ನಂಗೆ ಕೇಳಿಸ್ತಿತ್ತು.” ನಮಗ್ಯಾರಿಗೂ ಇದು ಗೊತ್ತಿರಲಿಲ್ಲ.

ಒಂದು ಕೊರತೆ ಉಳಿಯಿತು. ಇಬ್ಬರು ಆ ದಿನ ಜನರ ನಡುವೆ ಇದ್ದರು, ದನಿ ಹಾಕಿ ಕೇಳುವ ಹಾಗಿರಲಿಲ್ಲ. ಉತ್ತರಗಳನ್ನು ಓದಿ, ಏನು ಪ್ರಶ್ನೆ ಅಂತ ತಿಳಿಯದೆ ‘ಏನು ನಡೀತಿದೆ?’ ಅಂತ ಕೇಳಿದರು. ಆಮೇಲೆ ಪ್ರಶ್ನೆಯ ಸಾಲನ್ನು ನೋಟ್ ಕೆಳಗೆ ಟೈಪ್ ಮಾಡಿ ಹಾಕಿದೆ. ಮುಂದಿನ ಸಲ ಆ ಒಂದು ಸಾಲನ್ನು ನೋಟ್ ಜೊತೆಗೇ ಹಾಕುತ್ತೇನೆ.